ತಮ್ಮನಿಗೆ ಮೂರು ದಿನದ ಕಸರತ್ತು

ತಮ್ಮಾ, ವಸಂತನರಸಾಪುರದಲ್ಲಿ ಶಿಫ್ಟ್ ಮುಗಿಸಿ ತುಮಕೂರಿಗೆ ಬಂದು ಮತ್ತೆ ಜಿಮ್‌ಗೆ ಹೋಗೋಕೆ ಆಗಲ್ಲ ಅಂದೆ. ಹೋಗುವುದೇ ಬೇಡ. ನಿನ್ನ ಡಂಬೆಲ್‌ಗೆ ಪ್ಲೇಟ್ ಹಾಕಿದರೆ ಒಂದೊಂದೂ 10 ಕೆಜಿ ಆಗುತ್ತೆ. ಅಜ್ಜನ ಮರದ ಕುರ್ಚಿ ಗಟ್ಟಿಯಾಗಿದೆ. ಶುರು ಮಾಡೋಕೆ ಇಷ್ಟು ಸಾಕು. ಪ್ಲಾಸ್ಟಿಕ್ ಕುರ್ಚಿ ಮಾತ್ರ ಮುಟ್ಟಬೇಡ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಎರಡು ಪಟ್ಟಿ ಕೊಡ್ತೀನಿ, ಒಂದು ದಿನ ಒಂದು ಪಟ್ಟಿ, ಮುಂದಿನ ಸಲ ಇನ್ನೊಂದು ಮಾಡು. ನೈಟ್ ಶಿಫ್ಟ್‌ನಲ್ಲಿ ಒಂದು ದಿನ ತಪ್ಪಿದರೆ ಬಿಟ್ಟ ಕಡೆಯಿಂದಲೇ ಹಿಡಿ. ಮೊದಲು ಐದು ನಿಮಿಷ ಬರಿಗೈಯಲ್ಲಿ ಬೈಠಕ್ ಹೊಡೆದು, ಭುಜ ತಿರುಗಿಸಿ ಮೈ ಬಿಸಿ ಮಾಡಿಕೋ. ಡಂಬೆಲ್ ಎತ್ತುವ ಮುಂಚೆ ಎರಡೂ ತುದಿಯ ತಿರುಪು ಬಿಗಿಯಾಗಿದೆಯಾ ನೋಡು.

ಮೊದಲ ಪಟ್ಟಿ: ಸ್ಪ್ಲಿಟ್ ಸ್ಕ್ವಾಟ್, ನೆಲದ ಮೇಲೆ ಅಂಗಾತ ಮಲಗಿ ಚೆಸ್ಟ್ ಪ್ರೆಸ್, ಬಗ್ಗಿ ಒಂದು ಕೈ ಕುರ್ಚಿಗೆ ಊರಿ ಇನ್ನೊಂದು ಕೈಯಲ್ಲಿ ಡಂಬೆಲ್ ಅನ್ನು ಸೊಂಟದ ಕಡೆ ಎಳೆಯುವ ರೋ, ಕೊನೆಗೆ ಮೊಣಕೈ ಮಡಚಿ ಎತ್ತುವ ಕರ್ಲ್.

ಸ್ಪ್ಲಿಟ್ ಸ್ಕ್ವಾಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿ ಇಡು. ಅದಕ್ಕೆ ಬೆನ್ನು ಮಾಡಿ ನಿಂತು, ಒಂದು ಪಾದದ ಮೇಲ್ಭಾಗವನ್ನು ಹಿಂದೆ ಕುರ್ಚಿ ಮೇಲಿಡು. ಭಾರವೆಲ್ಲ ಮುಂದಿನ ಕಾಲಿನ ಮೇಲಿರಲಿ, ಹಿಮ್ಮಡಿ ಏಳಬಾರದು. ಮೂರು ಎಣಿಸುತ್ತಾ ಇಳಿ, ಒಂದೇ ಸಲಕ್ಕೆ ಏಳು. 20 ಕೆಜಿ ಎರಡು ಕಾಲಿಗೆ ಏನೂ ಅಲ್ಲ, ಆದರೆ ಒಂದೇ ಕಾಲಿಗೆ ಬಿದ್ದರೆ ತೊಡೆ ನಡುಗುತ್ತೆ. ಮೊದಲ ವಾರ ಡಂಬೆಲ್ ಇಲ್ಲದೆ ಮಾಡು.

ಎರಡನೇ ಪಟ್ಟಿ: ಸೊಂಟದಿಂದ ಬಗ್ಗಿ ಏಳುವ ರೊಮೇನಿಯನ್ ಡೆಡ್‌ಲಿಫ್ಟ್, ಕುರ್ಚಿಯಲ್ಲಿ ಕೂತು ಶೋಲ್ಡರ್ ಪ್ರೆಸ್, ಕಾಲು ಕುರ್ಚಿ ಮೇಲಿಟ್ಟು ಪುಷ್‌ಅಪ್, ಮತ್ತೆ ರೋ. ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಬಾಗಿಸಬೇಡ.

ಎಲ್ಲವೂ ಮೂರು ಸೆಟ್, ಸೆಟ್‌ಗೆ 8ರಿಂದ 12 ಸಲ, ನಡುವೆ ಎರಡು ನಿಮಿಷ ಸುಧಾರಿಸಿಕೋ. ಇನ್ನೊಂದೆರಡು ಸಲ ಆಗುತ್ತೆ ಅನ್ನಿಸುವಾಗ ನಿಲ್ಲಿಸು. ಎಷ್ಟು ಕೆಜಿ, ಎಷ್ಟು ಸಲ ಅಂತ ನೋಟ್‌ಬುಕ್‌ನಲ್ಲಿ ಬರೆದಿಡು. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ದಿನ ಬರೆದುಕೊಂಡು, ಮುಂದಿನ ಸಲ ಚಿಕ್ಕ ಪ್ಲೇಟ್ ಸೇರಿಸು. ಬರೆಯದೆ ಸುಮ್ನೆ ಎತ್ತುತ್ತಾ ಹೋದರೆ ಅಲ್ಲೇ ಇರ್ತೀಯ. ಪ್ಲೇಟ್ ಮುಗಿದರೆ 15, 20 ಸಲಕ್ಕೆ ಏರಿಸು, ಇಳಿಸುವುದನ್ನು ಇನ್ನೂ ನಿಧಾನ ಮಾಡು.

ಊಟ ಸರಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. ನೀನು 58 ಕೆಜಿ. ಕೆಜಿಗೆ 1.6 ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಸುಮಾರು 90 ಗ್ರಾಂ ಪ್ರೋಟೀನ್ ಬೇಕು. ನಾಲ್ಕು ಮೊಟ್ಟೆಗೆ 24 ಗ್ರಾಂ, ಅರ್ಧ ಲೀಟರ್ ಹಾಲಿಗೆ 16, ಒಂದು ಹಿಡಿ ಕಡ್ಲೆಕಾಯಿ ಬೀಜಕ್ಕೆ ಏಳೆಂಟು. ನೂರು ಗ್ರಾಂ ಹುರುಳಿಕಾಳಲ್ಲಿ 20ರ ಮೇಲಿದೆ. ಅಮ್ಮನಿಗೆ ಹೇಳು, ಬಸ್ಸಾರಿನ ಕಾಳನ್ನು ಪಲ್ಯಕ್ಕೆ ಜಾಸ್ತಿ ಬಿಡಲಿ. ಉಳಿದದ್ದು ಮುದ್ದೆ, ಅನ್ನ, ಮೊಸರಿನಿಂದ ಬರುತ್ತೆ. ಮುದ್ದೆ ಕಮ್ಮಿ ಮಾಡಬೇಡ. ತೂಕ ತಿಂಗಳಿಗೆ ಅರ್ಧದಿಂದ ಒಂದು ಕೆಜಿ ಏರಿದರೆ ಸರಿಯಾಗಿದೆ ಅಂತ ತಿಳಿ.

ಮಾರನೇ ದಿನ ಸ್ನಾಯು ಹಿಡಿದುಕೊಳ್ಳುವುದು ಮಾಮೂಲಿ. ಮಂಡಿಯಲ್ಲೋ ಭುಜದ ಕೀಲಿನಲ್ಲೋ ಚುಚ್ಚಿದರೆ ಅದನ್ನು ಅಲ್ಲಿಗೇ ಬಿಡು. ಮೊದಲ ಸ್ಕ್ವಾಟ್ ಅನ್ನು ಪಕ್ಕದಿಂದ ವಿಡಿಯೋ ಮಾಡಿ ಕಳಿಸು, ನೋಡಿ ಹೇಳ್ತೀನಿ.