ಕಂಪ್ಯೂಟರ್ ಇಲ್ಲದ ಕಂಪ್ಯೂಟರ್ ಪಾಠ: ಕಾರ್ಡು, ಹೆಜ್ಜೆ ಮತ್ತು ಅಲ್ಗಾರಿದಮ್

ತರಗತಿ: ಐದನೆಯದು (32 ಮಕ್ಕಳು)
ಸಮಯ: 40 ನಿಮಿಷಗಳ ಎರಡು ಅವಧಿಗಳು, ನಡುವೆ ಬಿಡುವಿಲ್ಲದೆ
ಸ್ಥಳ: ಆಟದ ಅಂಗಳ ಅಥವಾ ಮೇಜು ಬೆಂಚುಗಳನ್ನು ಸರಿಸಿದ ದೊಡ್ಡ ಕೊಠಡಿ

ಕಲಿಕೆಯ ಉದ್ದೇಶ

ಒಂದು ಕೆಲಸವನ್ನು ಸಂದೇಹಕ್ಕೆ ಎಡೆಯಿಲ್ಲದ ಚಿಕ್ಕ ಸೂಚನೆಗಳಾಗಿ ಒಡೆಯುವುದು, ಆ ಸೂಚನೆಗಳ ಕ್ರಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣುವುದು ಮತ್ತು ತಪ್ಪು ನಡೆದ ಜಾಗವನ್ನು ಊಹೆಯಿಂದಲ್ಲದೆ ಒಂದೊಂದೇ ಹೆಜ್ಜೆಯಾಗಿ ಪರಿಶೀಲಿಸಿ ಹಿಡಿಯುವುದು. ಅಲ್ಗಾರಿದಮ್ ಎಂಬ ಪದದ ವ್ಯಾಖ್ಯಾನವನ್ನು ಮೊದಲೇ ಹಲಗೆಯ ಮೇಲೆ ಬರೆಯಬಾರದು. ಮಕ್ಕಳು ಅದನ್ನು ಮಾಡಿ ಮುಗಿಸಿದ ಮೇಲೆ ಹೆಸರು ಹೇಳಿದರೆ ಸಾಕು.

ಸಿದ್ಧತೆ

ನೆಲದ ಮೇಲೆ ಸೀಮೆಸುಣ್ಣದಿಂದ ಐದು ಅಡ್ಡಸಾಲು, ಐದು ಕಂಬಸಾಲುಗಳ ನಾಲ್ಕು ಚೌಕಟ್ಟುಗಳನ್ನು ಎಳೆಯಿರಿ. ಒಂದೊಂದು ಮನೆಯೂ ಸುಮಾರು 60 ಸೆಂ.ಮೀ. ಅಗಲವಿರಲಿ, ಅದಕ್ಕಿಂತ ಕಿರಿದಾದರೆ ಮಗು ಯಾವ ಮನೆಯಲ್ಲಿ ನಿಂತಿದೆ ಎಂಬುದೇ ಜಗಳಕ್ಕೆ ಕಾರಣವಾಗುತ್ತದೆ. ನಾಲ್ವರ ಎಂಟು ಗುಂಪುಗಳನ್ನು ಮಾಡಿ, ಒಂದು ಚೌಕಟ್ಟಿಗೆ ಎರಡು ಗುಂಪುಗಳಂತೆ ಹಂಚಿರಿ. ಪ್ರತಿ ಗುಂಪಿಗೆ ‘ಮುಂದೆ’ ಎಂಬ 10 ಕಾರ್ಡು, ‘ಎಡಕ್ಕೆ ತಿರುಗು’ ಮತ್ತು ‘ಬಲಕ್ಕೆ ತಿರುಗು’ ತಲಾ 4, ‘ಎತ್ತು’ 1, ‘3 ಬಾರಿ’ 2, ಹೀಗೆ 21 ಕಾರ್ಡುಗಳು ಬೇಕು. ‘3 ಬಾರಿ’ ಕಾರ್ಡುಗಳನ್ನು ಮೊದಲಿಗೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಎರಡನೆಯ ಅವಧಿಗಾಗಿ 1ರಿಂದ 99ರೊಳಗಿನ ಬೇರೆ ಬೇರೆ ಎಂಟು ಸಂಖ್ಯೆಗಳ ನಾಲ್ಕು ಕಟ್ಟುಗಳನ್ನು ಬರೆದಿಡಿ.

ಮೊದಲ ಅವಧಿ: ಮಾತು ಕೇಳುವ ರೋಬೋಟ್

ಮೊದಲು ಶಿಕ್ಷಕರೇ ರೋಬೋಟ್ ಆಗಬೇಕು. “ಮಕ್ಕಳೇ, ನನ್ನನ್ನು ಬಾಗಿಲಿನವರೆಗೆ ಕರೆದೊಯ್ಯಿರಿ. ನೀವು ಹೇಳಿದ್ದನ್ನಷ್ಟೇ ಮಾಡುತ್ತೇನೆ” ಎಂದು ಹೇಳಿ ನಿಲ್ಲಿ. ಯಾರಾದರೂ “ನಡೀರಿ” ಎಂದರೆ ನಡೆಯುತ್ತಲೇ ಹೋಗಿ ಗೋಡೆಗೆ ಮೂಗು ತಾಗಿಸಿ ನಿಲ್ಲಿ. “ತಿರುಗಿ” ಎಂದರೆ ನಿಲ್ಲದೆ ಸುತ್ತುತ್ತಿರಿ. ಮಕ್ಕಳು ನಗುತ್ತಾರೆ, ನಗಲಿ. ಎಷ್ಟು ಹೆಜ್ಜೆ, ಯಾವ ಕಡೆಗೆ, ಎಲ್ಲಿ ನಿಲ್ಲಬೇಕು ಎಂಬುದನ್ನು ಹೇಳದಿದ್ದರೆ ಸೂಚನೆ ಪೂರ್ಣವಾಗುವುದಿಲ್ಲ ಎಂಬುದು ಆ ನಗುವಿನಲ್ಲೇ ಅರ್ಥವಾಗಿರುತ್ತದೆ. ಇದಕ್ಕೆ ಐದು ನಿಮಿಷ ಸಾಕು.

ಆಮೇಲೆ ಕಾರ್ಡುಗಳ ಅರ್ಥವನ್ನು ಗಟ್ಟಿಮಾಡಿ. ‘ಮುಂದೆ’ ಎಂದರೆ ಮುಖ ಮಾಡಿದ ದಿಕ್ಕಿಗೆ ಒಂದೇ ಮನೆ. ‘ಎಡಕ್ಕೆ ತಿರುಗು’ ಎಂದರೆ ನಿಂತ ಮನೆಯಲ್ಲೇ ಕಾಲು ಸುತ್ತು, ಮನೆ ಬದಲಾಗುವುದಿಲ್ಲ. ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲೇ: ತಿರುಗು ಎಂದೊಡನೆ ಪಕ್ಕದ ಮನೆಗೆ ಕಾಲಿಟ್ಟುಬಿಡುತ್ತಾರೆ. ಆದ್ದರಿಂದ ಇಡೀ ತರಗತಿ ಎದ್ದು ನಿಂತು ಆರೇಳು ಬಾರಿ ತಿರುಗುವ ಅಭ್ಯಾಸವನ್ನಷ್ಟೇ ಮಾಡಲಿ.

ಈಗ ಒಗಟು. ಎಡ ಮೂಲೆಯ ಮನೆಯಿಂದ ಎಣಿಸಿ, ಮೊದಲ ಕಂಬಸಾಲಿನ ಮೊದಲ ಮನೆಯಲ್ಲಿ ರೋಬೋಟ್ ಹಲಗೆಯ ಕಡೆಗೆ ಮುಖ ಮಾಡಿ ನಿಲ್ಲಲಿ. ಮೊದಲ ಕಂಬಸಾಲಿನ ಮೂರನೆಯ ಮನೆಯಲ್ಲಿ ಒಂದು ಚೀಲ, ಮೂರನೆಯ ಕಂಬಸಾಲಿನ ಮೊದಲ ಮನೆಯಲ್ಲಿ ಇನ್ನೊಂದು ಚೀಲ ಅಡ್ಡವಿರಲಿ. ನಾಲ್ಕನೆಯ ಕಂಬಸಾಲಿನ ಮೂರನೆಯ ಮನೆಯಲ್ಲಿ ಪುಸ್ತಕವಿಡಿ. ಗುಂಪಿನಲ್ಲಿ ಇಬ್ಬರು ಕಾರ್ಡು ಜೋಡಿಸಲಿ, ಒಬ್ಬರು ಓದಲಿ, ಒಬ್ಬರು ರೋಬೋಟ್ ಆಗಲಿ. ಕಾರ್ಡುಗಳನ್ನೆಲ್ಲ ಸಾಲಾಗಿ ಇಟ್ಟು ಮುಗಿಸುವವರೆಗೆ ರೋಬೋಟ್ ಅಲುಗಕೂಡದು. ನಡೆಯುತ್ತ ನಡೆಯುತ್ತ ಕಾರ್ಡು ಸೇರಿಸಲು ಬಿಟ್ಟರೆ ಮುಂದಾಲೋಚನೆಯೇ ಪಾಠದಿಂದ ಜಾರಿಹೋಗುತ್ತದೆ.

ಎಂಟು ಕಾರ್ಡುಗಳ ಉತ್ತರ ಹೀಗಿದೆ: ಮುಂದೆ, ಬಲಕ್ಕೆ, ಮುಂದೆ, ಮುಂದೆ, ಮುಂದೆ, ಎಡಕ್ಕೆ, ಮುಂದೆ, ಎತ್ತು. ಇನ್ನೂ ಉದ್ದದ ಸರಿಯುತ್ತರಗಳೂ ಇವೆ. ಅವನ್ನು ತಪ್ಪೆನ್ನಬೇಡಿ, ಪಕ್ಕಪಕ್ಕದಲ್ಲಿಟ್ಟು ಕಾರ್ಡು ಎಣಿಸಲು ಹೇಳಿ.

ಎಲ್ಲರ ಪುಸ್ತಕವೂ ಕೈಗೆ ಬಂದ ಮೇಲೆ, ಈ ಸಾಲಿನ ಮೊದಲ ಎರಡು ಕಾರ್ಡುಗಳನ್ನು ಮಾತಿಲ್ಲದೆ ಅದಲುಬದಲು ಮಾಡಿ, “ಈಗ ಏನಾಗುತ್ತದೆ? ನಡೆಯುವ ಮೊದಲೇ ಹೇಳಿ” ಎಂದು ಕೇಳಿ. ರೋಬೋಟ್ ಬಲಕ್ಕೆ ತಿರುಗಿ, ಒಂದು ಮನೆ ಮುಂದೆ ಹೋಗಿ, ಮೂರನೆಯ ಕಾರ್ಡಿಗೇ ಚೀಲಕ್ಕೆ ಡಿಕ್ಕಿ ಹೊಡೆಯುತ್ತದೆ. ಕಾರ್ಡುಗಳು ಅವೇ ಎಂಟು, ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ಇಡೀ ಪಾಠದ ತಿರುಳು ಈ ಡಿಕ್ಕಿಯಲ್ಲಿದೆ. ಅವಸರಪಡದೆ ಎರಡು ಮೂರು ಬಾರಿ ನಡೆಸಿ ನೋಡಿ.

ಮುಂದಿನ ಸುತ್ತಿನಲ್ಲಿ ರೋಬೋಟ್ ಮಕ್ಕಳ ಕಡೆಗೇ ಮುಖ ಮಾಡಿ ಹೊರಡಲಿ, ಒಂದು ಗುಂಪು ಇನ್ನೊಂದಕ್ಕೆ ಒಗಟು ಒಡ್ಡಲಿ. ನೋಡುವವರ ಎಡ ರೋಬೋಟಿನ ಬಲವಾಗುವುದರಿಂದ ಗಲಾಟೆಯಾಗುವುದು ಖಚಿತ. ಗೊಂದಲಗೊಂಡವರು ರೋಬೋಟಿನ ಬೆನ್ನ ಹಿಂದೆ ಹೋಗಿ ನಿಂತು ನೋಡಲಿ.

ಕಡೆಯಲ್ಲಿ ‘3 ಬಾರಿ’ ಕಾರ್ಡನ್ನು ಕೊಡಿ. ಒಂದರ ಹಿಂದೊಂದು ಬರುವ ಮೂರು ‘ಮುಂದೆ’ಗಳ ಬದಲು ‘3 ಬಾರಿ’ ಮತ್ತು ಒಂದು ‘ಮುಂದೆ’ ಇಟ್ಟರೆ ಎಂಟು ಕಾರ್ಡುಗಳು ಏಳಾಗುತ್ತವೆ. “ಉಳಿದದ್ದು ಒಂದೇ ತಾನೇ?” ಎಂದು ಜಾಣರೊಬ್ಬರು ಕೇಳದಿರರು. ಅಂಗಳದ ಉದ್ದಕ್ಕೂ 50 ಮನೆಗಳಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಅವರನ್ನೇ ಮರುಪ್ರಶ್ನಿಸಿ.

ಎರಡನೆಯ ಅವಧಿ: ಚಿಕ್ಕ ಸಂಖ್ಯೆ ಯಾರ ಬಳಿ?

ಒಂದು ಚೌಕಟ್ಟಿನ ಎಂಟು ಮಕ್ಕಳೂ ಸಾಲಾಗಿ ನಿಂತು ಸಂಖ್ಯೆಯ ಕಾರ್ಡನ್ನು ಎದೆಗೆ ಅವುಚಿಕೊಳ್ಳಲಿ. ಒಂದು ಸಲಕ್ಕೆ ಇಬ್ಬರು ಮಾತ್ರ ಪರಸ್ಪರ ತೋರಿಸಿಕೊಳ್ಳಬಹುದು. ಸಾಲು 14, 37, 5, 62, 29, 81, 46, 18 ಎಂದಿದ್ದರೆ, 14 ಹಿಡಿದವರು ಹೊರಬಂದು 37ರೊಡನೆ ಹೋಲಿಸುತ್ತಾರೆ, 14 ಉಳಿಯುತ್ತದೆ. ಮುಂದೆ 5 ಸಿಕ್ಕಾಗ 14 ಆ ಜಾಗದಲ್ಲಿ ನಿಂತು, 5 ಹೊರಬಂದು ಉಳಿದ ಐವರೊಡನೆ ಹೋಲಿಸುತ್ತದೆ. ಆಗಲೇ ಯಾರಾದರೂ “ಐದೇ ಚಿಕ್ಕದು, ಇನ್ನು ಸಾಕು” ಎಂದು ಕೂಗಿದರೆ ತಡೆಯಿರಿ. ನೋಡದ ಕಾರ್ಡಿನಲ್ಲಿ 2 ಇರಲಾರದೆಂದು ಯಾರು ಹೇಳಿದರು? ಸಾಲಿನ ಕೊನೆ ಮುಟ್ಟಿದಾಗ 7 ಹೋಲಿಕೆಗಳಾಗಿರುತ್ತವೆ.

ಗೆದ್ದವರು ಹೊಸ ಸಾಲಿನ ಮೊದಲಿಗೆ ನಿಲ್ಲಲಿ, ಉಳಿದ ಏಳು ಜನರಲ್ಲಿ ಇದೇ ಕ್ರಮ ಮತ್ತೆ ನಡೆಯಲಿ. ಒಬ್ಬ ಮಗು ಪ್ರತಿ ಹೋಲಿಕೆಗೂ ನೆಲದ ಮೇಲೆ ಒಂದು ಗೆರೆ ಎಳೆಯಲಿ. ಎಲ್ಲರೂ ಏರಿಕೆ ಕ್ರಮದಲ್ಲಿ ನಿಂತಾಗ ಗೆರೆಗಳನ್ನು ಎಣಿಸಿ: 7, 6, 5, 4, 3, 2, 1 ಸೇರಿ 28. ನಾಲ್ಕು ತಂಡಗಳ ಸಂಖ್ಯೆಗಳು ಬೇರೆಯಾಗಿದ್ದರೂ ಲೆಕ್ಕ ಒಂದೇ ಬರುತ್ತದೆ. ಯಾವುದಾದರೂ ತಂಡದಲ್ಲಿ 27 ಅಥವಾ 30 ಬಂದಿದ್ದರೆ, ಎಲ್ಲೋ ಒಂದು ಹೋಲಿಕೆ ಬಿಟ್ಟುಹೋಗಿದೆ ಅಥವಾ ಗೆರೆ ತಪ್ಪಿದೆ, ಅವರೇ ಹುಡುಕಲಿ.

ಹೀಗೆ ಕ್ರಮಬದ್ಧವಾಗಿ ನಡೆದು ಮುಗಿಯುವ ಸೂಚನೆಗಳ ಸಾಲಿಗೆ ಅಲ್ಗಾರಿದಮ್ ಎನ್ನುತ್ತಾರೆಂದು ಈಗ ಹೇಳಿ. 9ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿಯ ಹೆಸರಿನ ಲ್ಯಾಟಿನ್ ರೂಪದಿಂದ ಈ ಪದ ಬಂದಿದೆ. ಕಂಪ್ಯೂಟರ್ ಹುಟ್ಟುವ ನೂರಾರು ವರ್ಷಗಳ ಹಿಂದಿನ ಹೆಸರು ಎಂದಾಗ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ಮೌಲ್ಯಮಾಪನ

ಕೊನೆಯ ಹತ್ತು ನಿಮಿಷ ಎಲ್ಲರೂ ಒಬ್ಬೊಬ್ಬರಾಗಿ ಕಾಗದದ ಮೇಲೆ ಉತ್ತರಿಸಲಿ. ಮೊದಲ ಒಗಟಿನ ಅದೇ ಚೌಕಟ್ಟು, ಅದೇ ಪುಸ್ತಕ. ಕಾರ್ಡುಗಳ ಸಾಲು: ಮುಂದೆ, ಬಲಕ್ಕೆ, ಮುಂದೆ, ಮುಂದೆ, ಎಡಕ್ಕೆ, ಮುಂದೆ, ಮುಂದೆ, ಎತ್ತು. ರೋಬೋಟ್ ಎಲ್ಲಿಗೆ ಹೋಗಿ ಬರಿಗೈಯಲ್ಲಿ ಬಾಗುತ್ತದೆ? ಯಾವ ಎರಡು ಕಾರ್ಡುಗಳನ್ನು ಅದಲುಬದಲು ಮಾಡಿದರೆ ಪುಸ್ತಕ ಸಿಗುತ್ತದೆ?

ಉತ್ತರ (ಶಿಕ್ಷಕರಿಗೆ): ಮೂರನೆಯ ಕಂಬಸಾಲಿನ ನಾಲ್ಕನೆಯ ಮನೆ; ಐದನೆಯ ಮತ್ತು ಆರನೆಯ ಕಾರ್ಡುಗಳು. ಮೊದಲ ಪ್ರಶ್ನೆಗೆ ಸರಿಯಾಗಿ ಉತ್ತರಿಸಿ ಎರಡನೆಯದರಲ್ಲಿ ಸೋತ ಮಗುವಿಗೆ ಅಂಕಕ್ಕಿಂತ ಮತ್ತೊಂದು ಬಾರಿ ಚೌಕಟ್ಟಿನ ಮೇಲೆ ನಡೆಯುವ ಅವಕಾಶ ಹೆಚ್ಚು ಉಪಯುಕ್ತ; ಮಳೆ ಬಂದು ಗೆರೆ ಅಳಿಸುವ ಮುನ್ನ ಅದನ್ನು ಕೊಟ್ಟುಬಿಡಿ.