ಮೊದಲ ಸಲ ಮಾಲೆ ಹಾಕುವ ಸ್ವಾಮಿಗಳಿಗೆ: 41 ದಿನ ದಿನಾ ಏನು ಮಾಡಬೇಕು

ಸ್ವಾಮಿ ಶರಣಂ.

ಈ ಸಲ ನಮ್ಮ ತಂಡದಲ್ಲಿ ಆರು ಜನ ಕನ್ನಿಸ್ವಾಮಿಗಳು. ಇಬ್ಬರು ಕಾಲೇಜಿಗೆ ಹೋಗೋ ಹುಡುಗರು, ಒಬ್ಬರು ಬಸ್ ಕಂಡಕ್ಟರ್, ಮೂರು ಜನ ತೋಟದ ಕೆಲಸದವರು. ಹದಿನೈದು ದಿನದಿಂದ ರಾತ್ರಿ ಆದ್ರೆ ಫೋನ್. "ಅಣ್ಣಾ, ಚಪ್ಪಲಿ ಹಾಕಲೇಬಾರದಾ? ಕಾಫಿ ಕುಡಿಬಹುದಾ? ಪುತ್ತರಿಗೆ ಏನು ಮಾಡೋದು?" ಒಬ್ಬೊಬ್ಬರಿಗೆ ಒಂದೊಂದು ಹೇಳಿ ತಪ್ಪಾಗೋದು ಬೇಡ ಅಂತ ನಮ್ಮ ಗುರುಸ್ವಾಮಿಗಳ ಹತ್ರ ಕೂತು ಎಲ್ಲ ಕೇಳ್ಕೊಂಡು ಈ ವಿಡಿಯೊ ಮಾಡ್ತಿದೀನಿ. ನಾನು ಗುರುಸ್ವಾಮಿ ಅಲ್ಲ. ಹದಿನಾಲ್ಕು ವರ್ಷ ಇರುಮುಡಿ ಹೊತ್ತಿದೀನಿ, ಅಷ್ಟೇ. ನಿಮ್ಮ ಗುರುಸ್ವಾಮಿಗಳು ಬೇರೆ ಹೇಳಿದ್ರೆ ಅವರ ಮಾತೇ ನಿಮಗೆ ಕೊನೆ ಮಾತು.

ಮೊದಲು ಲೆಕ್ಕ. ನವೆಂಬರ್ ಮಧ್ಯಕ್ಕೆ ವೃಶ್ಚಿಕ ಮಾಸ ಹುಟ್ಟುತ್ತೆ, ಶಬರಿಮಲೆಯಲ್ಲಿ ಮಂಡಲ ಕಾಲ ಶುರು. ನವೆಂಬರ್ 17ಕ್ಕೆ ಮಾಲೆ ಹಾಕಿದ್ರೆ ಡಿಸೆಂಬರ್ 27ಕ್ಕೆ 41 ದಿನ ತುಂಬುತ್ತೆ. ಮಂಡಲ ಪೂಜೆ ಆದ್ಮೇಲೆ ಕೆಲವು ದಿನ ನಡೆ ಮುಚ್ಚಿರುತ್ತೆ, ವರ್ಷದ ಕೊನೆಗೆ ಮಕರವಿಳಕ್ಕಿಗೆ ಮತ್ತೆ ತೆಗೀತಾರೆ. ನಮ್ಮ ತಂಡ ಹೊರಡೋದು ಜನವರಿ ಮೊದಲ ವಾರ. ಅಲ್ಲಿಗೆ 41 ದಾಟಿರುತ್ತೆ. ಆದ್ರೂ ಮಾಲೆ ಕೊರಳಲ್ಲಿ ಇರೋವರೆಗೆ ವ್ರತ ವ್ರತಾನೇ. "ನಲವತ್ತೊಂದು ಮುಗೀತಲ್ಲ" ಅಂತ ನಲವತ್ತೆರಡನೇ ದಿನ ಕೈ ಬಿಡೋ ಹಾಗಿಲ್ಲ.

ಮಾಲೆ ತುಳಸಿದು ಆಗಬಹುದು, ರುದ್ರಾಕ್ಷಿದು ಆಗಬಹುದು, ಅಯ್ಯಪ್ಪನ ಮುದ್ರೆ ಇರಬೇಕು. ನೀವೇ ಅಂಗಡಿಯಿಂದ ತಂದು ಕೊರಳಿಗೆ ಹಾಕ್ಕೊಳ್ಳೋದಲ್ಲ. ಪೂಜೆ ಮಾಡಿಸಿ ಗುರುಸ್ವಾಮಿ ಕೈಯಿಂದ ಹಾಕಿಸ್ಕೊಳ್ಳಬೇಕು, ಅದಕ್ಕೆ ಮೊದಲು ಅಪ್ಪ ಅಮ್ಮನ ಕಾಲು ಮುಟ್ಟಿ ಕೇಳಿರಬೇಕು. ಮದುವೆ ಆದವರು ಹೆಂಡತಿ ಹತ್ರಾನೂ ಕೇಳಬೇಕು. ಇದು ಬಾಯಿಮಾತಿಗೆ ಅಲ್ಲ ಸ್ವಾಮಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಈಗ ಬೆಳಗ್ಗೆ. ಸೂರ್ಯ ಹುಟ್ಟೋ ಮೊದಲು ತಣ್ಣೀರು ಸ್ನಾನ, ಸಂಜೆ ದೀಪ ಹಚ್ಚೋ ಮೊದಲು ಇನ್ನೊಂದು. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಬೆಳಗ್ಗೆ ಐದು ಗಂಟೆಗೆ ತೊಟ್ಟಿ ನೀರು ಹೆಂಗಿರುತ್ತೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಒಂದು ಕ್ರಮ ಇದೆ, ನಮ್ಮ ಗುರುಸ್ವಾಮಿಗಳು ಹೇಳ್ಕೊಟ್ಟಿದ್ದು. ಮೊದಲ ಚೊಂಬು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಸೊಂಟಕ್ಕೆ, ಭುಜಕ್ಕೆ, ಕೊನೆಗೆ ತಲೆಗೆ. ಒಂದೊಂದು ಚೊಂಬಿಗೂ "ಸ್ವಾಮಿಯೇ" ಅನ್ನಿ. ಐದನೇ ಚೊಂಬು ತಲೆ ಮೇಲೆ ಬಿದ್ದಾಗ ಮೈಯಿಂದ ಹಬೆ ಏಳುತ್ತೆ, ಚಳಿ ಅಲ್ಲಿಗೆ ಮುಗೀತು. ಆದ್ರೆ ಎದೆ ನೋವು, ಉಬ್ಬಸ, ಬಿ.ಪಿ. ಇರೋರು, ಅರವತ್ತು ದಾಟಿದವರು ಉಗುರುಬೆಚ್ಚಗೆ ಮಾಡ್ಕೊಳ್ಳಿ. ಯಾವ ದೋಷವೂ ಇಲ್ಲ. ಔಷಧಿ ಒಂದು ದಿನಾನೂ ಬಿಡಬೇಡಿ. ಸಕ್ಕರೆ ಕಾಯಿಲೆ ಇರೋರು ವ್ರತ ಅಂತ ಹಸಿದು ಕೂರಬೇಡಿ, ಇದು ಉಪವಾಸದ ವ್ರತ ಅಲ್ಲ.

ಸ್ನಾನ ಆದ್ಮೇಲೆ ಕಪ್ಪು ಅಥವಾ ನೀಲಿ ಪಂಚೆ, ಹಣೆಗೆ ವಿಭೂತಿ, ಗಂಧ. ದೇವರ ಫೋಟೊ ಮುಂದೆ ದೀಪ ಹಚ್ಚಿ ಶರಣು ಹೇಳಬೇಕು. 108 ಶರಣು ಬಾಯಿಪಾಠ ಬರದಿದ್ರೆ ಪುಸ್ತಕ ನೋಡಿ ಹೇಳಿ. ಅದೂ ಆಗದಿದ್ರೆ "ಸ್ವಾಮಿಯೇ ಶರಣಂ ಅಯ್ಯಪ್ಪ" ಅಂತ 108 ಸಲ. ಗಡಿಬಿಡಿಯಲ್ಲಿ ನುಂಗಿ ನುಂಗಿ ಹೇಳೋದಕ್ಕಿಂತ ಹದಿನೆಂಟು ಸಲ ಮನಸ್ಸಿಟ್ಟು ಹೇಳಿದ್ರೆ ಸಾಕು ಅಂತ ನನ್ನ ಅಭಿಪ್ರಾಯ.

ದೇವಸ್ಥಾನಕ್ಕೆ ಹೋಗೋ ವಿಷಯ ಒಂದು ನಿಲ್ಲಿಸಿ ಹೇಳ್ತೀನಿ. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಸ್ವಾಮಿಗಳು ಕೇಳಿಸ್ಕೊಳ್ಳಿ. ಕತ್ತಲಲ್ಲಿ ಒಬ್ಬರೇ ತೋಟದ ದಾರಿಯಲ್ಲಿ ಬರಬೇಡಿ. ನನ್ನ ಎರಡನೇ ವರ್ಷ, ನಾಲ್ಕೂವರೆ ಗಂಟೆ, ಬರಿಗಾಲು, ಕೈಯಲ್ಲಿ ಬತ್ತಿ ಇಲ್ಲ. ತಿರುವಲ್ಲಿ ಬೈನೆ ಮರ ಮುರಿಯೋ ಸದ್ದು ಕೇಳ್ತು. ನಿಂತೆ. ಇಪ್ಪತ್ತು ಮಾರು ದೂರದಲ್ಲಿ ಕಿವಿ ಬೀಸೋದು ಮಾತ್ರ ಕಾಣ್ತಿತ್ತು. ಹಿಂದಕ್ಕೆ ಹೆಜ್ಜೆ ಇಟ್ಕೊಂಡು ಲೈನ್ ಮನೆವರೆಗೆ ಬಂದು ಬಾಗಿಲು ಬಡಿದೆ. ಆನೆ ಇರೋ ಕಡೆ ಮನೆಯಲ್ಲೇ ದೀಪ ಹಚ್ಚಿ, ಬೆಳಕು ಹರಿದ ಮೇಲೆ ನಾಲ್ಕು ಜನ ಸೇರಿ ಬನ್ನಿ.

ಚಪ್ಪಲಿ. ವ್ರತದಲ್ಲಿ ಬರಿಗಾಲು. ಮನೆ, ದೇವಸ್ಥಾನ, ಪೇಟೆ, ಎಲ್ಲ ಕಡೆ. ಆದ್ರೆ ಈಗ ಕಾಫಿ ಕುಯ್ಲು ಶುರುವಾಗಿರುತ್ತೆ. ತರಗೆಲೆ ಒಳಗೆ ಏನು ಮಲಗಿರುತ್ತೆ ಯಾರಿಗೂ ಗೊತ್ತಿಲ್ಲ. ನಮ್ಮ ಗುರುಸ್ವಾಮಿಗಳು ಸ್ಪಷ್ಟವಾಗಿ ಹೇಳಿದಾರೆ, ತೋಟದ ಕೆಲಸದ ಹೊತ್ತಿಗೆ ಗಮ್‌ಬೂಟ್ ಹಾಕಿ, ಕಣಕ್ಕೆ ಬಂದು ಬಿಚ್ಚಿ, ಕಾಲು ತೊಳ್ಕೊಳ್ಳಿ. ಕಂಡಕ್ಟರ್ ಸ್ವಾಮಿ, ಡಿಪೊದಲ್ಲಿ ನಿಮ್ಮ ಮೇಲಿನವರಿಗೆ ಮೊದಲೇ ತಿಳಿಸಿ, ಗಡ್ಡದ ವಿಷಯವೂ ಸೇರಿಸಿ ಹೇಳಿಬಿಡಿ. ಕ್ಷೌರ ಇಲ್ಲ, ಉಗುರು ಕತ್ತರಿಸೋದೂ ನಮ್ಮ ತಂಡದಲ್ಲಿ ಇಲ್ಲ.

ಊಟಕ್ಕೆ ಬರೋಣ. ವ್ರತದಲ್ಲಿ ಊಟ ಅನ್ನಲ್ಲ, ಭಿಕ್ಷೆ ಅಂತೀವಿ. ಮಾಂಸ, ಮೀನು, ಮೊಟ್ಟೆ ಇಲ್ಲ. ಬೇಕರಿ ತಿಂಡಿಯಲ್ಲಿ ಮೊಟ್ಟೆ ಇರುತ್ತೆ, ಅದನ್ನ ಮರೀತಾರೆ. ಈರುಳ್ಳಿ, ಬೆಳ್ಳುಳ್ಳಿ ನಮ್ಮ ತಂಡದಲ್ಲಿ ಬಿಡ್ತೀವಿ. ಮಧ್ಯಾಹ್ನ ಹೊಟ್ಟೆ ತುಂಬ, ರಾತ್ರಿ ಹಗುರ. ಕಾಫಿ, ಟೀ ಕುಡಿಬಹುದು. ಕುಡಿತ, ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ ಯಾವುದೂ ಇಲ್ಲ. ಎಲೆ ಅಡಿಕೆ ಜೊತೆ ಸ್ವಲ್ಪ ಹೊಗೆಸೊಪ್ಪು ಅಂತ ಕೇಳಿದವರೂ ಇದಾರೆ. ಸ್ವಲ್ಪಾನೂ ಇಲ್ಲ.

ಪುತ್ತರಿ ವ್ರತದ ಮಧ್ಯೆಯೇ ಬರುತ್ತೆ. ಅದೇ ನಮ್ಮ ಕಡೆಯ ದೊಡ್ಡ ಪರೀಕ್ಷೆ. ಐನ್‌ಮನೆಗೆ ಹೋಗಿ, ನೆರೆ ಕಟ್ಟಿ, ಗದ್ದೆಗೆ ಇಳಿದು "ಪೊಲಿ ಪೊಲಿ ದೇವಾ" ಅಂತ ಕೂಗಿ, ಕದಿರು ತೆಗೀರಿ. ಅದರಲ್ಲಿ ಒಂದನ್ನೂ ಬಿಡಬೇಕಿಲ್ಲ. ತಂಬುಟ್ಟು ತಿನ್ನಿ, ಬಾಳೆಹಣ್ಣು, ತುಪ್ಪ, ಎಳ್ಳು, ಹುರಿದ ಅಕ್ಕಿ ಪುಡಿ, ಎಲ್ಲಾ ನಮಗೆ ಆಗೋದೇ. ಪಂದಿಕರಿ, ಗ್ಲಾಸು ಬರೋ ಹೊತ್ತಿಗೆ ಎದ್ದು ಬನ್ನಿ. ನೆಂಟರು ಒತ್ತಾಯ ಮಾಡಿದ್ರೆ ಮಾಲೆ ಮುಟ್ಟಿ ತೋರ್ಸಿ, ಕೊಡಗಿನಲ್ಲಿ ಯಾರೂ ಎರಡನೇ ಸಲ ಕೇಳಲ್ಲ. ನಮಗೆ ಅಯ್ಯಪ್ಪ ಹೊರಗಿನ ದೇವರಲ್ಲ. ನಮ್ಮ ದೇವರಕಾಡುಗಳಲ್ಲಿ ಎಷ್ಟೋ ಕಡೆ ಅವನದೇ ಜಾಗ. ಹರಕೆಗೆ ಇಟ್ಟ ಮಣ್ಣಿನ ನಾಯಿಗಳು ಪಾಚಿ ಹಿಡಿದು ಸಾಲಾಗಿ ಕೂತಿರೋದನ್ನ ಚಿಕ್ಕಂದಿನಿಂದ ನೋಡಿದೀವಿ.

ಈಗ ಮನೆ ವಿಷಯ. ಇದನ್ನ ಹೇಳೋಕೇ ನಾನು ಮುಖ್ಯವಾಗಿ ಕೂತಿದ್ದು.

ವ್ರತ ಹಿಡಿದವರು ನೀವು. ಮನೆಯವರಲ್ಲ. ನನ್ನ ಮೊದಲ ವರ್ಷ ನನಗಿಂತ ಮೊದಲು ಏಳ್ತಿದ್ದವರು ನನ್ನ ಅಮ್ಮ. ನಾಲ್ಕು ಗಂಟೆಗೆ ಒಲೆ ಹೊತ್ತಿಸಿ, ಬೇರೆ ಪಾತ್ರೆಯಲ್ಲಿ ನನಗೆ ಅಡುಗೆ ಮಾಡಿ, ನನ್ನ ಪಂಚೆ ಒಗೆದು ಹಾಕಿ, ಎಂಟು ಗಂಟೆಗೆ ತೋಟದ ಕೆಲಸಕ್ಕೆ ಹೋಗ್ತಿದ್ರು. ನಾನು ಶರಣು ಹೇಳಿ ಭಿಕ್ಷೆಗೆ ಕೂರ್ತಿದ್ದೆ. ಮೂವತ್ತನೇ ದಿನ ಇರಬೇಕು, ಪಂಚೆ ಹಿಂಡೋವಾಗ ಅವರ ಬೆರಳು ಒಡೆದಿದ್ದು ನೋಡಿದೆ. ಗುರುಸ್ವಾಮಿಗಳ ಹತ್ರ ಹೇಳ್ದಾಗ ಅವರು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ವ್ರತ ಯಾರದ್ದು?" ಅವತ್ತಿಂದ ನಮ್ಮ ತಂಡದಲ್ಲಿ ಕನ್ನಿಸ್ವಾಮಿಗಳಿಗೆ ಇದು ನಿಯಮ. ನಿಮ್ಮ ಬಟ್ಟೆ ನೀವೇ ಒಗೀರಿ. ನಿಮ್ಮ ಚಾಪೆ, ಹೊದಿಕೆ ನೀವೇ ಹಾಸಿ, ಮಡಚಿ. ತಟ್ಟೆ ನೀವೇ ತೊಳೀರಿ. ಒಂದು ಹೊತ್ತಾದ್ರೂ ಗಂಜಿ, ಅನ್ನ, ಸಾರು ಮಾಡೋದು ಕಲೀರಿ. ಮನೆಯ ಹೆಣ್ಣುಮಕ್ಕಳ ತಿಂಗಳ ದಿನಗಳಲ್ಲಿ ಸ್ವಾಮಿಗಳು ಬೇರೆ ಇರೋ ಪದ್ಧತಿ ಹಲವು ತಂಡಗಳಲ್ಲಿದೆ. ಬೇರೆ ಇರಬೇಕಾದವರು ನೀವು. ದೇವಸ್ಥಾನದ ಸಭಾಂಗಣದಲ್ಲಿ ಬಂದು ಮಲಗಿ, ಇಲ್ಲೇ ಅಡುಗೆ ಮಾಡೋಣ. ಈ ಚಳಿಯಲ್ಲಿ ಅವರನ್ನ ಹೊರಗಿನ ಕೋಣೆಗೆ ಕಳಿಸಬೇಡಿ.

ರಾತ್ರಿ ನೆಲದ ಮೇಲೆ ಚಾಪೆ, ದಿಂಬು ಇಲ್ಲ. ಕಂಬಳಿ ಎಷ್ಟು ಬೇಕಾದ್ರೂ ಹೊದ್ದುಕೊಳ್ಳಿ. ಬ್ರಹ್ಮಚರ್ಯ ಪೂರ್ತಿ. ಫೋನಿನಲ್ಲಿ ನೋಡೋದೂ ಇದರಲ್ಲೇ ಸೇರಿತು, ಹುಡುಗರಿಗೆ ಹೇಳ್ತಿದೀನಿ.

ಬಾಯಿ. ಕಂಡವರನ್ನೆಲ್ಲ ಸ್ವಾಮಿ ಅನ್ನಬೇಕು, ಚಿಕ್ಕ ಹೆಣ್ಣುಮಕ್ಕಳು, ವಯಸ್ಸಾದ ತಾಯಂದಿರು ಮಾಲೆ ಹಾಕಿದ್ರೆ ಮಾಳಿಗಪ್ಪುರಂ. ಸನ್ನಿಧಾನದಲ್ಲಿ ಹದಿನೆಂಟು ಮೆಟ್ಟಿಲು ಹತ್ತೋ ಮೊದಲು ತಲೆ ಎತ್ತಿದ್ರೆ "ತತ್ತ್ವಮಸಿ" ಅಂತ ಬರೆದಿರೋದು ಕಾಣುತ್ತೆ. ಅದು ನೀನೇ ಅಂತ ಅರ್ಥ. ಕುಯ್ಲಿನ ಕೆಲಸಕ್ಕೆ ಬಂದವರನ್ನೂ ಸ್ವಾಮಿ ಅಂತ ಕರೆದು, ತೂಕದಲ್ಲಿ ಅರ್ಧ ಕಿಲೊಗೆ ಜಗಳ ಮಾಡಿದ್ರೆ ಆ ಕರೆದಿದ್ದಕ್ಕೆ ಏನು ಬೆಲೆ? ಕೋಪ ಬಂತಾ, ಒಂದು ಚೊಂಬು ನೀರು ಕುಡಿದು ಶರಣು ಹೇಳಿ.

ಕೆಲವು ಸಣ್ಣ ವಿಷಯ ಬೇಗ ಹೇಳ್ತೀನಿ. ಮಾಲೆ ಹರಿದು ಹೋದ್ರೆ ಗಾಬರಿ ಬೇಡ, ಮಣಿ ಆರಿಸಿಟ್ಟು ಗುರುಸ್ವಾಮಿಗೆ ಹೇಳಿ, ಪೋಣಿಸಿ ಮತ್ತೆ ಹಾಕ್ತಾರೆ. ಹತ್ತಿರದ ಸಂಬಂಧದಲ್ಲಿ ಸಾವಾದ್ರೆ ಮಾಲೆ ತೆಗೆಸಿ ಮನೆಯವರ ಜೊತೆ ಇರಿ, ಮುಂದಿನ ವರ್ಷ ಹೋಗೋಣ. ಸಾವಿನ ಮನೆಗೆ ಬಾರದ ಸ್ವಾಮಿ ಅನ್ನಿಸ್ಕೊಳ್ಳಬೇಡಿ. ದರ್ಶನಕ್ಕೆ ಆನ್‌ಲೈನ್ ಬುಕಿಂಗ್ ನಾನು ಮಾಡಿಸ್ತೀನಿ, ಆಧಾರ್ ಕಾರ್ಡ್ ಫೋಟೊ ಕಳಿಸಿ. ಇರುಮುಡಿಯಲ್ಲಿ ಪ್ಲಾಸ್ಟಿಕ್ ಇರಬಾರದು, ಅರಿಶಿನ, ಅಕ್ಕಿ ಕಟ್ಟೋಕೆ ಬಟ್ಟೆ ಚೀಲ ಈಗಲೇ ಹೊಲಿಸಿಡಿ. ಪಂಪೆಯಲ್ಲಿ ಬಟ್ಟೆ ಬಿಡೋದು ಆಚಾರ ಅಲ್ಲ, ಯಾರು ಹೇಳಿದ್ರೂ ಬಿಡಬೇಡಿ. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು ಐದು ಕಿಲೊಮೀಟರು, ನೀಲಿಮಲೆ ಏರು ಕಡಿದು. ಅದಕ್ಕೆ ಇವತ್ತಿಂದಲೇ ದಿನಾ ಅರ್ಧ ಗಂಟೆ ಗುಡ್ಡ ಹತ್ತಿ ಇಳೀರಿ.

ಮಾಲೆ ತೆಗೆಯೋದು ವಾಪಸ್ ಬಂದು, ದೇವಸ್ಥಾನದಲ್ಲೋ ಮನೆ ದೀಪದ ಮುಂದೋ, ಗುರುಸ್ವಾಮಿ ಅಥವಾ ತಾಯಿ ಕೈಯಿಂದ. ವಾಪಸ್ ಬರೋ ದಾರಿಯಲ್ಲಿ, ಮಾಕುಟ್ಟ ಚೆಕ್‌ಪೋಸ್ಟ್ ದಾಟಿದ ಕೂಡಲೇ ಬಿಚ್ಚಿ ಜೇಬಿಗೆ ಹಾಕೋ ಅಭ್ಯಾಸ ಕೆಲವರಿಗಿದೆ. ನಮ್ಮ ಗಾಡಿಯಲ್ಲಿ ಅದು ನಡೆಯಲ್ಲ.

ನವೆಂಬರ್ 17, ಬೆಳಗ್ಗೆ ಆರಕ್ಕೆ ದೇವಸ್ಥಾನದ ಹತ್ರ ಬನ್ನಿ. ತರಬೇಕಾದ್ದು ಮಾಲೆ, ಎರಡು ಜೊತೆ ಪಂಚೆ, ಒಂದು ತೆಂಗಿನಕಾಯಿ, ಎಲೆ ಅಡಿಕೆ. ಅಮ್ಮನನ್ನೋ ಹೆಂಡತಿಯನ್ನೋ ಜೊತೆಗೆ ಕರ್ಕೊಂಡು ಬನ್ನಿ, ಗುರುಸ್ವಾಮಿಗಳು ಅವರ ಮುಂದೆಯೇ ಕೇಳಿ ಮಾಲೆ ಹಾಕ್ತಾರೆ. ಸ್ವಾಮಿಯೇ ಶರಣಂ ಅಯ್ಯಪ್ಪ.