ವಿಷಯ: ಬ್ಯಾಡಗಿ ಕೋಲ್ಡ್ ಸ್ಟೋರೇಜ್ ಬಾಡಿಗೆ ಕರಾರು: 9ನೇ ಕಲಮಿನ ಬಗ್ಗೆ ಸ್ಪಷ್ಟನೆ ಕೋರಿ

ಮಾನ್ಯ ಶ್ರೀ ಬಸವರಾಜ ಅವರಿಗೆ,

ನಮಸ್ಕಾರಗಳು. ಬ್ಯಾಡಗಿಯ ತಮ್ಮ ಕೋಲ್ಡ್ ಸ್ಟೋರೇಜನ್ನು ಕೊಚ್ಚಿಯ ರಫ್ತು ಕಂಪನಿಗೆ ಐದು ವರ್ಷಗಳ ಅವಧಿಗೆ ಬಾಡಿಗೆಗೆ ಕೊಡುವ ಕರಾರು ಪತ್ರದ ಇಂಗ್ಲಿಷ್ ಅನುವಾದ ಮುಗಿದಿದ್ದು, 9ನೇ ಕಲಮನ್ನು ಮಾತ್ರ ತಡೆಹಿಡಿದಿದ್ದೇನೆ. ಆ ಕಲಮಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳು ಹೊಂದುತ್ತಿರುವುದರಿಂದ, ತಮ್ಮ ಉತ್ತರವಿಲ್ಲದೆ ಅದನ್ನು ಅಂತಿಮಗೊಳಿಸುವುದು ಸರಿಯಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೂಲದಲ್ಲಿರುವ ವಾಕ್ಯ ಇದು:

“ಯಂತ್ರೋಪಕರಣಗಳು ಕೆಟ್ಟಲ್ಲಿ ಹದಿನೈದು ದಿನಗಳೊಳಗಾಗಿ ದುರಸ್ತಿ ಮಾಡಿಸತಕ್ಕದ್ದು, ತಪ್ಪಿದಲ್ಲಿ ಬಾಡಿಗೆಯಲ್ಲಿ ಕಡಿತ ಮಾಡಿಕೊಳ್ಳಲು ಹಾಗೂ ಮೂರು ತಿಂಗಳ ನೋಟಿಸ್ ನೀಡಿ ಕರಾರನ್ನು ರದ್ದುಪಡಿಸಲು ಹಕ್ಕಿರುತ್ತದೆ.”

ದುರಸ್ತಿ ಮಾಡಿಸಬೇಕಾದವರು ಯಾರು ಎಂಬುದು ಈ ವಾಕ್ಯದಲ್ಲಿ ಇಲ್ಲ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟರೂ ವಾಕ್ಯ ಕೆಡುವುದಿಲ್ಲ; ಆದರೆ ಇಂಗ್ಲಿಷಿನಲ್ಲಿ ಕರ್ತರಿ ಪ್ರಯೋಗದಲ್ಲಿ ಬರೆಯುವಾಗ ಮಾಲೀಕರು ಅಥವಾ ಬಾಡಿಗೆದಾರರು ಎಂದು ಹೆಸರಿಸಲೇಬೇಕಾಗುತ್ತದೆ. ‘ಕಡಿತ ಮಾಡಿಕೊಳ್ಳಲು’ ಎಂದಿರುವುದನ್ನು ನೋಡಿದರೆ, ಬಾಡಿಗೆ ಕಟ್ಟುವವರೇ ಹಣವನ್ನು ತಮ್ಮಲ್ಲಿ ಉಳಿಸಿಕೊಳ್ಳುವರೆಂದೂ, ಆದ್ದರಿಂದ ದುರಸ್ತಿಯ ಹೊಣೆ ಮಾಲೀಕರದೆಂದೂ ತೋರುತ್ತದೆ. ಆದರೆ 6ನೇ ಕಲಮಿನಲ್ಲಿ “ಕಟ್ಟಡ ಹಾಗೂ ಯಂತ್ರಗಳ ನಿರ್ವಹಣೆಯನ್ನು ಬಾಡಿಗೆದಾರರು ನೋಡಿಕೊಳ್ಳತಕ್ಕದ್ದು” ಎಂದಿದೆ. ನಿರ್ವಹಣೆಯಲ್ಲಿ ದುರಸ್ತಿಯೂ ಸೇರಿತೆಂದು ಓದಿದರೆ ಹೊಣೆ ಬಾಡಿಗೆದಾರರ ಮೇಲೆ ಬೀಳುತ್ತದೆ.

ಕರ್ಮಣಿ ಪ್ರಯೋಗ ಬಳಸಿ ‘ದುರಸ್ತಿ ಮಾಡಿಸಲ್ಪಡತಕ್ಕದ್ದು’ ಎಂಬ ಧಾಟಿಯಲ್ಲಿ ಇಂಗ್ಲಿಷಿನಲ್ಲೂ ಬರೆದು ಮುಂದೆ ಸಾಗಬಹುದಿತ್ತು. ಹಾಗೆ ಮಾಡಲು ನನಗೆ ಮನಸ್ಸು ಒಪ್ಪಲಿಲ್ಲ. ಮಾರ್ಚ್ ತಿಂಗಳಲ್ಲಿ, ಕೋಣೆಗಳ ತುಂಬ ಮೆಣಸಿನಕಾಯಿ ಚೀಲಗಳಿರುವಾಗ, ಕಂಪ್ರೆಸರ್ ನಿಂತುಹೋಯಿತೆಂದು ಇಟ್ಟುಕೊಳ್ಳಿ. ತಾವು 6ನೇ ಕಲಮನ್ನು ತೋರಿಸುತ್ತೀರಿ, ಅವರು 9ನೆಯದನ್ನು ತೋರಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣದಿಂದಲೇ ಬೆಲೆ ಎಂಬುದು ನನಗಿಂತ ತಮಗೆ ಚೆನ್ನಾಗಿ ಗೊತ್ತು, ವಾದ ಮುಗಿಯುವವರೆಗೆ ಆ ಬಣ್ಣ ಉಳಿಯುವುದಿಲ್ಲ. 17ನೇ ಕಲಮಿನ ಪ್ರಕಾರ ಕನ್ನಡ ಮತ್ತು ಇಂಗ್ಲಿಷ್ ಪಠ್ಯಗಳೆರಡೂ ಸಮಾನವಾಗಿ ಅಧಿಕೃತವಾಗಿರುವುದರಿಂದ, ನಾನು ಊಹಿಸಿ ಸೇರಿಸುವ ಒಂದೇ ಪದ ತಮ್ಮ ಮೇಲೆ ಇಲ್ಲದ ಹೊಣೆಯನ್ನು ಹೊರಿಸಬಹುದು, ಅಥವಾ ಇರುವ ಹೊಣೆಯನ್ನು ಅಳಿಸಬಹುದು.

ಇದಕ್ಕೆ ತಾಗಿಕೊಂಡೇ ಇನ್ನು ಕೆಲವು ಸಂದೇಹಗಳಿವೆ. ಹದಿನೈದು ದಿನಗಳನ್ನು ಯಂತ್ರ ಕೆಟ್ಟ ದಿನದಿಂದ ಎಣಿಸಬೇಕೋ, ಲಿಖಿತವಾಗಿ ತಿಳಿಸಿದ ದಿನದಿಂದಲೋ? ಕಡಿತವಾಗುವುದು ದುರಸ್ತಿಗೆ ತಗುಲಿದ ವೆಚ್ಚವೋ, ಯಂತ್ರ ನಿಂತಿದ್ದ ದಿನಗಳ ಬಾಡಿಗೆಯೋ? ಆಸ್ತಿ ವರ್ಗಾವಣೆ ಅಧಿನಿಯಮ, 1882ರ 108ನೇ ಪ್ರಕರಣದ (ಎಫ್) ಖಂಡದಲ್ಲಿ, ಮಾಲೀಕರು ತಾವು ಮಾಡಿಸಬೇಕಾದ ದುರಸ್ತಿಯನ್ನು ನೋಟಿಸ್ ಬಂದ ಮೇಲೂ ಸೂಕ್ತ ಕಾಲದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಅದರ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆಯಬಹುದೆಂದಿದೆ. ಕರಡು ಬರೆದ ವಕೀಲರ ಮನಸ್ಸಿನಲ್ಲಿದ್ದುದು ಇದೇ ಇರಬಹುದು, ಆದರೆ ಅದನ್ನು ನಿರ್ಧರಿಸುವುದು ಅನುವಾದಕಿಯ ಕೆಲಸವಲ್ಲ. ಕೊನೆಯದಾಗಿ, ಮೂರು ತಿಂಗಳ ನೋಟಿಸ್ ಕೊಟ್ಟು ಕರಾರನ್ನು ರದ್ದುಪಡಿಸುವ ಹಕ್ಕು ದುರಸ್ತಿ ತಪ್ಪಿದಾಗ ಮಾತ್ರವೋ, ಯಾವಾಗಲೂ ಇರುವಂಥದೋ? ಬೇರೆ ಯಾವ ಕಲಮಿನಲ್ಲೂ ರದ್ದತಿಯ ಮಾತಿಲ್ಲವಾದ್ದರಿಂದ ಇದನ್ನೂ ಕೇಳಬೇಕಾಯಿತು.

ತಮ್ಮ ಅನುಕೂಲಕ್ಕಾಗಿ, ದುರಸ್ತಿಯ ಹೊಣೆ ಮಾಲೀಕರದೆಂದು ಭಾವಿಸಿ ಕಲಮನ್ನು ಬಿಡಿಸಿ ಬರೆದಿದ್ದೇನೆ:

“ಯಂತ್ರೋಪಕರಣಗಳು ಕೆಟ್ಟಿರುವುದನ್ನು ಬಾಡಿಗೆದಾರರು ಲಿಖಿತವಾಗಿ ತಿಳಿಸಿದ ದಿನದಿಂದ ಹದಿನೈದು ದಿನಗಳೊಳಗಾಗಿ ಮಾಲೀಕರು ದುರಸ್ತಿ ಮಾಡಿಸತಕ್ಕದ್ದು; ಮಾಲೀಕರು ತಪ್ಪಿದಲ್ಲಿ, ಬಾಡಿಗೆದಾರರು ತಾವೇ ದುರಸ್ತಿ ಮಾಡಿಸಿ ಅದರ ವೆಚ್ಚವನ್ನು ಬಾಡಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು, ಅಥವಾ ಮೂರು ತಿಂಗಳ ನೋಟಿಸ್ ನೀಡಿ ಕರಾರನ್ನು ರದ್ದುಪಡಿಸಬಹುದು.”

ಇದು ಕೇವಲ ಮಾದರಿ. ‘ಹಾಗೂ’ ಇದ್ದಲ್ಲಿ ‘ಅಥವಾ’ ಎಂದು ಬರೆದಿರುವುದನ್ನು ವಿಶೇಷವಾಗಿ ಗಮನಿಸಬೇಕಾಗಿ ವಿನಂತಿ; ಎರಡು ಹಕ್ಕುಗಳೂ ಒಟ್ಟಿಗೆ ಇರಬೇಕೆಂಬುದು ಉದ್ದೇಶವಾಗಿದ್ದರೆ ‘ಹಾಗೂ’ ಉಳಿಯಬೇಕು. ತಾವು ವಕೀಲರೊಂದಿಗೂ ಬಾಡಿಗೆದಾರ ಕಂಪನಿಯೊಂದಿಗೂ ಮಾತನಾಡಿ, ಒಪ್ಪಿತವಾದ ವಾಕ್ಯವನ್ನು ಕನ್ನಡದಲ್ಲೇ ಬರೆದು ಕಳುಹಿಸಿದರೆ ಒಳ್ಳೆಯದು. ಇಂಗ್ಲಿಷಿನಲ್ಲಿ ಮಾತ್ರ ತಿದ್ದಿ ಕನ್ನಡ ಮೂಲವನ್ನು ಹಾಗೆಯೇ ಬಿಟ್ಟರೆ ಎರಡು ಪಠ್ಯಗಳು ಎರಡು ಮಾತು ಹೇಳುತ್ತವೆ.

ಮುಂದಿನ ಸೋಮವಾರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಇದೆಯೆಂದು ತಾವು ತಿಳಿಸಿದ್ದೀರಿ. ಗುರುವಾರ ಸಂಜೆಯೊಳಗೆ ಉತ್ತರ ಸಿಕ್ಕಿದರೆ ಶುಕ್ರವಾರ ಮಧ್ಯಾಹ್ನ ಅಂತಿಮ ಪ್ರತಿಯನ್ನು ಕಳುಹಿಸುತ್ತೇನೆ. ಉಳಿದ ಕಲಮುಗಳ ಅನುವಾದವನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದು, 9ನೇ ಕಲಮಿನ ಜಾಗವನ್ನು ಹಳದಿ ಬಣ್ಣದಲ್ಲಿ ಗುರುತಿಸಿದ್ದೇನೆ. ಫೋನಿನಲ್ಲಿ ವಿವರಿಸುವುದು ಸುಲಭವೆನಿಸಿದರೆ ಬೆಳಿಗ್ಗೆ ಹತ್ತರ ನಂತರ ಯಾವಾಗ ಬೇಕಾದರೂ ಕರೆಮಾಡಬಹುದು. ಆದರೆ ಒಪ್ಪಿದ ವಾಕ್ಯವನ್ನು ದಯವಿಟ್ಟು ಇಮೇಲ್‌ನಲ್ಲೂ ಬರೆದು ಕಳುಹಿಸಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ವೀಣಾ
ಅನುವಾದಕಿ, ಹುಬ್ಬಳ್ಳಿ